ರಿಫಾಕ್ಸಿಮಿನ್: ಲಿವರ್‌ಗೆ ಅಂದ್ರೆ ತಿಂಗಳುಗಟ್ಟಲೆ, ಗ್ಯಾಸ್‌ಗೆ ಅಂದ್ರೆ ಹದಿನಾಲ್ಕೇ ದಿನ, ಯಾಕೆ?

ದಾವಣಗೆರೆಯಲ್ಲಿ ಸಂಜೆ ಹೊತ್ತು ಯಾವುದಾದ್ರೂ ದೊಡ್ಡ ಮೆಡಿಕಲ್ ಶಾಪ್ ಮುಂದೆ ನಿಂತ್ರೆ ರಿಫಾಕ್ಸಿಮಿನ್ 550 ಅಂತ ಬರೆದ ಚೀಟಿ ಹಿಡಿದು ಎರಡು ಥರದ ಜನ ಬರ್ತಾರೆ. ಒಬ್ಬರ ಮನೇಲಿ ಲಿವರ್ ಸಿರೋಸಿಸ್ ಆಗಿರೋರು ಇರ್ತಾರೆ, ಆವಾಗಾವಾಗ ಮಂಪರು ಹತ್ತುತ್ತೆ, ಏನೇನೋ ಮಾತಾಡ್ತಾರೆ. ಇನ್ನೊಬ್ಬರಿಗೆ ಊಟ ಮಾಡಿದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಮಾತ್ರೆ ಅದೇ, ಸ್ಟ್ರಿಪ್ ಅದೇ. ಆದ್ರೆ ಮೊದಲನೆಯವರು ದಿನಕ್ಕೆ ಎರಡರಂತೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ತಗೋಬೇಕು. ಎರಡನೆಯವರು ದಿನಕ್ಕೆ ಮೂರರಂತೆ ಹದಿನಾಲ್ಕು ದಿನ ತಗೊಂಡು ನಿಲ್ಲಿಸಬೇಕು. ನಾನು ನೋಡೋ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ಲೆಕ್ಕ ಅದಲು ಬದಲಾದಾಗ ಆಗೋವು, ಲಿವರ್‌ನವರು ಕೋರ್ಸ್ ಮುಗೀತು ಅಂತ ಹದಿನೈದು ದಿನಕ್ಕೇ ಬಿಟ್ಟುಬಿಡ್ತಾರೆ, ಗ್ಯಾಸ್‌ನವರು ಆರಾಮಾಯ್ತಲ್ಲ ಅಂತ ತಿಂಗಳುಗಟ್ಟಲೆ ನುಂಗ್ತಾನೇ ಇರ್ತಾರೆ.

ಮೊದಲು ಈ ಮಾತ್ರೆ ಏನು ಅಂತ ನೋಡೋಣ. ಇದು ಆಂಟಿಬಯಾಟಿಕ್ಕೇ, ಟಿಬಿಗೆ ಕೊಡೋ ರಿಫಾಂಪಿಸಿನ್ ಮನೆತನದ್ದು. ಆದ್ರೆ ರಿಫಾಂಪಿಸಿನ್ ರಕ್ತಕ್ಕೆ ಸೇರಿ ಇಡೀ ಮೈಗೆ ಹೋಗುತ್ತೆ, ರಿಫಾಕ್ಸಿಮಿನ್ ನುಂಗಿದ್ರೆ ಆರೋಗ್ಯವಂತರಲ್ಲಿ ನೂರಕ್ಕೆ ಒಂದು ಭಾಗವೂ ರಕ್ತಕ್ಕೆ ಸೇರಲ್ಲ, ಕರುಳಲ್ಲೇ ಕೆಲಸ ಮಾಡಿ ಮಲದಲ್ಲಿ ಆಚೆ ಹೋಗುತ್ತೆ. ಇನ್ನೊಂದು ವಿಷಯ, ಇದು ನೀರಲ್ಲಿ ಸರಿಯಾಗಿ ಕರಗಲ್ಲ, ಪಿತ್ತರಸ ಇದ್ರೆ ಕರಗುತ್ತೆ. ಪಿತ್ತರಸ ಹೆಚ್ಚಿರೋದು ಸಣ್ಣ ಕರುಳಲ್ಲಿ, ಹಾಗಾಗಿ ಇದರ ಜೋರು ಅಲ್ಲೇ ಜಾಸ್ತಿ. ದೊಡ್ಡ ಕರುಳಿಗೆ ಹೋಗೋ ಹೊತ್ತಿಗೆ ಜೋರು ಕಡಿಮೆ ಆಗಿರುತ್ತೆ, ಅದಕ್ಕೇ ಬೇರೆ ಆಂಟಿಬಯಾಟಿಕ್ ಥರ ಅಲ್ಲಿರೋ ಬ್ಯಾಕ್ಟೀರಿಯಾನೆಲ್ಲ ಗುಡಿಸಿ ಹಾಕಲ್ಲ. ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಮಾತ್ರೆ ಬರೋಕೆ ಕಾರಣ ಇದೇ, ಎರಡರಲ್ಲೂ ನಮಗೆ ಬೇಕಾಗಿರೋದು ಕರುಳಿನ ಒಳಗಿನ ಬ್ಯಾಕ್ಟೀರಿಯಾ ಮೇಲೆ ಹಿಡಿತ.

ಈಗ ಲಿವರ್ ಕಡೆ ಬರೋಣ, ಯಾಕಂದ್ರೆ ಇಲ್ಲಿ ತಪ್ಪಿದ್ರೆ ಆಸ್ಪತ್ರೆ ಸೇರಬೇಕಾಗುತ್ತೆ.

ಕರುಳಲ್ಲಿ ಬ್ಯಾಕ್ಟೀರಿಯಾಗಳು ಪ್ರೋಟೀನು, ಯೂರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತೆ. ಕರುಳಿನ ಗೋಡೆಯ ಜೀವಕೋಶಗಳೂ ಒಂದಿಷ್ಟು ಅಮೋನಿಯಾ ಮಾಡ್ತವೆ. ಅದೆಲ್ಲ ನೇರ ಲಿವರ್‌ಗೆ ಹೋಗುತ್ತೆ, ಚೆನ್ನಾಗಿರೋ ಲಿವರ್ ಅದನ್ನ ಯೂರಿಯಾ ಮಾಡಿ ಕಿಡ್ನಿಗೆ ಕಳಿಸುತ್ತೆ. ಸಿರೋಸಿಸ್ ಆದವರಲ್ಲಿ ಲಿವರ್‌ಗೆ ಆ ಶಕ್ತಿ ಕಡಿಮೆ, ಸಾಲದ್ದಕ್ಕೆ ಲಿವರ್ ಒಳಗೆ ರಕ್ತ ಸಲೀಸಾಗಿ ಹೋಗೋಕಾಗದೆ ಅಡ್ಡದಾರಿ ನಾಳಗಳು ತೆರೆದುಕೊಂಡಿರ್ತವೆ, ಅಮೋನಿಯಾ ಲಿವರ್ ಮುಟ್ಟದೇನೇ ಮೆದುಳಿಗೆ ಹೋಗುತ್ತೆ. ಆಗ ಆಗೋ ಮಂಪರು, ಗೊಂದಲಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಅಂತಾರೆ. ಹದಿನಾಲ್ಕು ದಿನದ ಲೆಕ್ಕ ಇಲ್ಲಿ ಯಾಕೆ ನಡೆಯಲ್ಲ ಅನ್ನೋದೂ ಇದರಲ್ಲೇ ಇದೆ. ಮಾತ್ರೆ ತಗೊಂಡ್ರೆ ಗಟ್ಟಿಯಾದ ಲಿವರ್ ಮೆತ್ತಗಾಗಲ್ಲ, ಅಡ್ಡದಾರಿಗಳು ಮುಚ್ಚಲ್ಲ. ಮಾತ್ರೆ ಒಳಗಿರೋವರೆಗೂ ಅಮೋನಿಯಾ ಹುಟ್ಟೋದು ಹಿಡಿತದಲ್ಲಿರುತ್ತೆ, ಬಿಟ್ಟ ಮೇಲೆ ಕರುಳು ಮತ್ತೆ ಹಳೇ ಥರಾನೇ ಆಗುತ್ತೆ. ಬಿಪಿ ಮಾತ್ರೆ ಥರ ಅಂತ ಪೇಷಂಟ್ ಕಡೆಯವರಿಗೆ ಹೇಳಿದ್ರೆ ಬೇಗ ಅರ್ಥ ಆಗುತ್ತೆ.

ಆದ್ರೆ ಸಿರೋಸಿಸ್ ಇದ್ದವರಿಗೆಲ್ಲ ಇದು ಬೇಕಾ ಅಂದ್ರೆ ಬೇಡ. ಒಂದು ಕೇಸ್ ಹಿಡಿದು ಹೇಳ್ತೀನಿ.

ಜಗಳೂರು ಕಡೆಯ ರೈತರು, ವಯಸ್ಸು ಐವತ್ತೆರಡು, ಕುಡಿತದಿಂದ ಸಿರೋಸಿಸ್, ಈಗ ಕುಡಿತ ಬಿಟ್ಟಿದ್ದಾರೆ, ಹೊಟ್ಟೆಯ ನೀರಿಗೆ ಮೂತ್ರ ಹೋಗೋ ಮಾತ್ರೆ ನಡೀತಿದೆ. ಮೊದಲನೇ ಸಲ ಬಂದಾಗ ಮನೆಯವರು ಹೇಳಿದ್ದು, "ರಾತ್ರಿಯೆಲ್ಲ ಎದ್ದು ಕುಂತಿರ್ತಾರೆ ಸಾರ್, ಹಗಲು ಮಲಗ್ತಾರೆ, ನಿನ್ನೆ ಲುಂಗಿ ಉಡೋಕೂ ಗೊತ್ತಾಗಲಿಲ್ಲ." ಕೈ ಮುಂದಕ್ಕೆ ಚಾಚಿಸಿ ಮಣಿಕಟ್ಟು ಹಿಂದಕ್ಕೆ ಮಡಚಿ ಹಿಡೀರಿ ಅಂದ್ರೆ ಕೈ ಪಟಪಟ ಬಿದ್ದುಬಿದ್ದು ಏಳ್ತಿತ್ತು. ಕೇಳಿದ್ರೆ ನಾಲ್ಕು ದಿನದಿಂದ ಮೋಷನ್ ಆಗಿಲ್ಲ. ಮೂತ್ರದ ಮಾತ್ರೆ ಜಾಸ್ತಿಯಾಗಿ ಪೊಟಾಶಿಯಂ ಕೂಡ ಇಳಿದಿತ್ತು, ಪೊಟಾಶಿಯಂ ಇಳಿದ್ರೆ ಕಿಡ್ನಿನೇ ಅಮೋನಿಯಾ ಜಾಸ್ತಿ ಮಾಡುತ್ತೆ. ಇಲ್ಲಿ ಕಾರಣ ಕಣ್ಣ ಮುಂದೇ ಇದೆ. ಪೊಟಾಶಿಯಂ ಸರಿ ಮಾಡಿ, ಮೂತ್ರದ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ, ಲ್ಯಾಕ್ಟುಲೋಸ್ ಸಿರಪ್ ಕೊಟ್ಟು ಮೋಷನ್ ಆಗೋ ಹಾಗೆ ಮಾಡಿದ್ರೆ ಎರಡು ದಿನದಲ್ಲಿ ಮನುಷ್ಯ ಸರಿಯಾದ್ರು. ಮನೆಗೆ ಕಳಿಸುವಾಗ ಲ್ಯಾಕ್ಟುಲೋಸ್ ಮಾತ್ರ ಬರೆದದ್ದು, ರಿಫಾಕ್ಸಿಮಿನ್ ಬರೆಯಲಿಲ್ಲ. ಮೊದಲನೇ ಸಲ, ಕಾರಣ ಸ್ಪಷ್ಟ, ಕಾರಣ ಸರಿ ಹೋಯ್ತು, ಇಂಥ ಕಡೆ ಲ್ಯಾಕ್ಟುಲೋಸ್ ಸಾಕು.

ಲ್ಯಾಕ್ಟುಲೋಸ್ ಬಗ್ಗೆ ಇಲ್ಲೇ ಸ್ವಲ್ಪ ನಿಲ್ಲಬೇಕು. ಇಷ್ಟೇ ಎಂಎಲ್ ಅಂತ ಕಣ್ಣು ಮುಚ್ಚಿ ಕುಡಿಯೋ ಔಷಧಿ ಅಲ್ಲ ಅದು. ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಮೋಷನ್ ಆಗ್ಬೇಕು, ಅದಕ್ಕೆ ಎಷ್ಟು ಬೇಕೋ ಅದೇ ಡೋಸು. ಒಬ್ಬರಿಗೆ 15 ಎಂಎಲ್ ಎರಡು ಸಲ ಸಾಕಾಗುತ್ತೆ, ಇನ್ನೊಬ್ಬರಿಗೆ 30 ಎಂಎಲ್ ಮೂರು ಸಲ ಬೇಕಾಗುತ್ತೆ. ಐದಾರು ಸಲ ನೀರು ನೀರಾಗಿ ಹೋಗ್ತಿದ್ರೆ ಒಳ್ಳೇದಾಯ್ತು ಅಂತ ಅಲ್ಲ, ಮೈಯಲ್ಲಿ ನೀರು, ಉಪ್ಪಿನಂಶ ಕಡಿಮೆಯಾಗಿ ಅದರಿಂದಲೇ ಮತ್ತೆ ಮಂಪರು ಹತ್ತಬಹುದು. ಮನೆಯವರು ಕ್ಯಾಲೆಂಡರ್ ಮೇಲೆ ದಿನಕ್ಕೆ ಎಷ್ಟು ಸಲ ಆಯ್ತು ಅಂತ ಗುರುತು ಹಾಕಿಟ್ಟರೆ ನನಗೆ ಅದು ಅಮೋನಿಯಾ ರಿಪೋರ್ಟ್‌ಗಿಂತ ಜಾಸ್ತಿ ಉಪಯೋಗ.

ಮೂರು ತಿಂಗಳು ಬಿಟ್ಟು ಅದೇ ರೈತರು ಮತ್ತೆ ಬಂದ್ರು. ಈ ಸಲ ಕ್ಯಾಲೆಂಡರ್ ನೋಡಿದ್ರೆ ದಿನಾ ಎರಡು ಮೂರು ಸಲ ಸರಿಯಾಗಿ ಮೋಷನ್ ಆಗಿದೆ, ಲ್ಯಾಕ್ಟುಲೋಸ್ ತಪ್ಪಿಸಿಲ್ಲ, ಕುಡಿದಿಲ್ಲ, ನಿದ್ದೆ ಮಾತ್ರೆ ತಗೊಂಡಿಲ್ಲ. ಕಪ್ಪು ಮೋಷನ್ ಇಲ್ಲ, ಹೊಟ್ಟೆ ನೀರು ತೆಗೆದು ಪರೀಕ್ಷೆ ಮಾಡಿದ್ರೆ ಸೋಂಕಿಲ್ಲ, ಪೊಟಾಶಿಯಂ ಸರಿ ಇದೆ. ಲ್ಯಾಕ್ಟುಲೋಸ್ ಸರಿಯಾಗಿ ನಡೀತಿದ್ರೂ ಆರು ತಿಂಗಳೊಳಗೆ ಎರಡನೇ ಸಲ. ರಿಫಾಕ್ಸಿಮಿನ್‌ಗೆ ಸರಿಯಾದ ಜಾಗ ಇದು. 550 ಮಿ.ಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು, ಲ್ಯಾಕ್ಟುಲೋಸ್ ಜೊತೆಗೇ. ಲ್ಯಾಕ್ಟುಲೋಸ್ ಬಿಟ್ಟು ಇದು ಅಲ್ಲ, ಅದರ ಮೇಲೆ ಇದು. ಅಮೆರಿಕಾದವರ ಗೈಡ್‌ಲೈನು, ಯೂರೋಪಿನವರ ಗೈಡ್‌ಲೈನು ಎರಡೂ ಲ್ಯಾಕ್ಟುಲೋಸ್ ಜೊತೆಗೆ ಇದನ್ನ ಸೇರಿಸೋಕೆ ಹೇಳೋದು ಹೀಗೆ ಮತ್ತೆ ಮರುಕಳಿಸಿದಾಗ.

ಇದಕ್ಕೆ ಆಧಾರ 2010ರಲ್ಲಿ ಬಂದ ದೊಡ್ಡ ಟ್ರಯಲ್. ಹಿಂದಿನ ಆರು ತಿಂಗಳಲ್ಲಿ ಎರಡು ಸಲವಾದ್ರೂ ಹೀಗಾಗಿ ಈಗ ಸರಿಯಾಗಿರೋ 299 ಜನರನ್ನ ತಗೊಂಡು, ಅರ್ಧ ಜನರಿಗೆ ರಿಫಾಕ್ಸಿಮಿನ್, ಉಳಿದವರಿಗೆ ಬರೀ ಹುಸಿ ಮಾತ್ರೆ ಆರು ತಿಂಗಳು ಕೊಟ್ರು. ಹುಸಿ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು 46 ಜನಕ್ಕೆ ಮತ್ತೆ ಬಂತು, ರಿಫಾಕ್ಸಿಮಿನ್‌ನವರಲ್ಲಿ ಸುಮಾರು 22 ಜನಕ್ಕೆ. ನೆನಪಿಡಬೇಕಾದ್ದು ಏನಂದ್ರೆ ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಲ್ಯಾಕ್ಟುಲೋಸ್ ಮೇಲೇ ಇದ್ರು. ಹಾಗಾಗಿ ಈ ಟ್ರಯಲ್ ತೋರಿಸಿರೋದು ಎರಡೂ ಸೇರಿದಾಗ ಆಗೋ ಲಾಭವನ್ನ. ಆಮೇಲೆ ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ ಕಾಲ ತಗೊಂಡವರನ್ನ ನೋಡಿದಾಗಲೂ ಹೊಸ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ತೀವ್ರವಾಗಿ ಮಂಪರು ಹತ್ತಿ ಅಡ್ಮಿಟ್ ಆದಾಗಲೇ ಎರಡೂ ಶುರು ಮಾಡೋರೂ ಇದ್ದಾರೆ, 2013ರಲ್ಲಿ ದೆಹಲಿಯವರು 120 ಜನರಲ್ಲಿ ಹಾಗೆ ಕೊಟ್ಟು ಲ್ಯಾಕ್ಟುಲೋಸ್ ಒಂದೇ ಕೊಟ್ಟದ್ದಕ್ಕಿಂತ ಜಾಸ್ತಿ ಜನ ಪೂರ್ತಿ ಎಚ್ಚರಕ್ಕೆ ಬಂದ್ರು ಅಂತ ತೋರಿಸಿದ್ದಾರೆ. ನನ್ನ ಪ್ರಕಾರ ಅಡ್ಮಿಟ್ ಆದಾಗ ಕೊಡೋದರಲ್ಲಿ ತಪ್ಪಿಲ್ಲ, ಆದ್ರೆ ಅದರ ಭರವಸೆ ಮೇಲೆ ಕಾರಣ ಹುಡುಕೋದು ಬಿಡಬಾರದು. ಹೊಟ್ಟೆ ನೀರಲ್ಲಿ ಸೋಂಕಿದ್ರೆ, ಒಳಗೆ ರಕ್ತಸ್ರಾವ ಆಗ್ತಿದ್ರೆ ರಿಫಾಕ್ಸಿಮಿನ್ ಒಂದೇ ಏನೂ ಮಾಡೋಕಾಗಲ್ಲ.

ನಮ್ಮ ರೈತರ ಕಥೆ ಕೆಟ್ಟಿದ್ದು ಇಲ್ಲಿಂದ ಮುಂದೆ. ಹತ್ತು ಮಾತ್ರೆಯ ಸ್ಟ್ರಿಪ್ ದಿನಕ್ಕೆ ಎರಡರಂತೆ ಐದು ದಿನಕ್ಕೆ ಮುಗಿಯುತ್ತೆ, ತಿಂಗಳಿಗೆ ಆರು ಸ್ಟ್ರಿಪ್ ಬೇಕು, ಮಾತ್ರೆ ಅಗ್ಗದ್ದಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಭೇಟಿವರೆಗೆ ಅಂತ ಹದಿನೈದು ದಿನಕ್ಕೆ ಬರೆದಿತ್ತು, ಮೂರು ಸ್ಟ್ರಿಪ್ ತಗೊಂಡ್ರು. ಮಳೆ ಬಂದು ಮೆಕ್ಕೆಜೋಳದ ಬಿತ್ತನೆ ಶುರುವಾಗಿ ಭೇಟಿಗೆ ಬರಲಿಲ್ಲ. ಊರಲ್ಲಿ ಯಾರೋ ತಿಳಿದವರು ಚೀಟಿ ನೋಡಿ, "ಇದು ಆಂಟಿಬಯಾಟಿಕ್ಕು, ಹದಿನೈದು ದಿನದ ಕೋರ್ಸ್ ಆಗ್ಯದೆ, ಸಾಕು" ಅಂದ್ರು. ಕೋರ್ಸ್ ಮುಗಿಸಿ ನಿಲ್ಲಿಸಬೇಕು ಅನ್ನೋದು ಜನ ಆಂಟಿಬಯಾಟಿಕ್ ಬಗ್ಗೆ ಕಲಿತಿರೋ ಒಳ್ಳೇ ಪಾಠ, ಆದ್ರೆ ಇಲ್ಲಿ ಅದೇ ಮುಳುವಾಯ್ತು. ಸುಮಾರು ಐದು ವಾರಕ್ಕೆ ಮೂರನೇ ಸಲ ಆಂಬುಲೆನ್ಸಲ್ಲಿ ಬಂದ್ರು, ಈ ಸಲ ಕೂಗಿದ್ರೂ ಕಣ್ಣು ಬಿಡೋದು ಕಷ್ಟ ಇತ್ತು.

ಉಳಿದುಕೊಂಡ್ರು. ಈಗ ಅವರ ಚೀಟಿ ಮೇಲೆ ದೊಡ್ಡದಾಗಿ "ನಾವು ಹೇಳೋವರೆಗೂ ನಿಲ್ಲಿಸಬೇಡಿ" ಅಂತ ಕನ್ನಡದಲ್ಲೇ ಬರೆದಿದೆ, ತಿಂಗಳಿಗೆ 60 ಮಾತ್ರೆ ಅಂತ ಲೆಕ್ಕಾನೂ ಬರೆದಿದೆ. ದುಡ್ಡಿನ ಕಷ್ಟಕ್ಕೆ ಕೆಲವರು ದಿನಕ್ಕೆ ಒಂದೇ ಮಾತ್ರೆ ತಗೋತಾರೆ, ಅದಕ್ಕೆ ಮೇಲೆ ಹೇಳಿದ ಆಧಾರ ಇಲ್ಲ. ದುಡ್ಡು ಸಾಲ್ತಿಲ್ಲ ಅಂದ್ರೆ ಡಾಕ್ಟರ್ ಹತ್ರ ಮುಚ್ಚುಮರೆ ಇಲ್ಲದೆ ಹೇಳಿ, ಕಡಿಮೆ ಬೆಲೆಯ ಕಂಪನಿಯದ್ದು ಬರೆಸಿಕೊಳ್ಳಿ. ಎರಡರಲ್ಲಿ ಒಂದೇ ಕೊಳ್ಳೋಕಾಗೋದು ಅಂತ ಪರಿಸ್ಥಿತಿ ಬಂದ್ರೆ ಲ್ಯಾಕ್ಟುಲೋಸ್ ಬಿಡಬೇಡಿ.

ಹಾಗಾದ್ರೆ ಯಾವಾಗ ನಿಲ್ಲಿಸಬಹುದು? ಲಿವರ್ ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಸಾಮಾನ್ಯವಾಗಿ ಬೇಕಾಗಲ್ಲ. ಕುಡಿತ ಪೂರ್ತಿ ಬಿಟ್ಟು ಅಥವಾ ಹೆಪಟೈಟಿಸ್ ಬಿಗೆ ಚಿಕಿತ್ಸೆ ಆಗಿ ಲಿವರ್ ನಿಜಕ್ಕೂ ಚೇತರಿಸಿಕೊಂಡು, ಅಂದ್ರೆ ಬಿಲಿರುಬಿನ್ ಇಳಿದು, ಆಲ್ಬುಮಿನ್ ಏರಿ, ಹೊಟ್ಟೆ ನೀರು ಹೋಗಿ, ಮೈಕೈಯಲ್ಲಿ ಮಾಂಸಖಂಡ ತುಂಬಿಕೊಂಡು, ತಿಂಗಳುಗಟ್ಟಲೆ ಒಂದು ಸಲಾನೂ ಮಂಪರು ಬಂದಿಲ್ಲ ಅಂದ್ರೆ ಆಗ ಡಾಕ್ಟರ್ ನಿಲ್ಲಿಸಿ ನೋಡಬಹುದು. ಮಾಂಸಖಂಡದ ಮಾತು ಯಾಕೆ ಬಂತು ಅಂದ್ರೆ ಲಿವರ್ ಕೈಬಿಟ್ಟಾಗ ಅಮೋನಿಯಾನ ಸ್ವಲ್ಪ ಮಟ್ಟಿಗೆ ಹೀರಿಕೊಳ್ಳೋದು ಮಾಂಸಖಂಡವೇ. ಅದಕ್ಕೇ ಬೇಳೆ, ಮೊಸರು, ಕಾಳು, ಮೊಟ್ಟೆ ಎಲ್ಲ ಬಿಡಿಸಿ ಬರೀ ಗಂಜಿ ಕೊಡೋ ಹಳೇ ಪಥ್ಯ ತಪ್ಪು. ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 60 ಕೆಜಿ ಇರೋರಿಗೆ 72ರಿಂದ 90 ಗ್ರಾಂ ಆಯ್ತು, ಜೊತೆಗೆ ಮಲಗೋ ಮುಂಚೆ ಏನಾದ್ರೂ ಸ್ವಲ್ಪ ತಿನ್ನಬೇಕು. ನಿಲ್ಲಿಸಿದ ಮೇಲೂ ಮನೆಯವರ ಕಣ್ಣಿರಬೇಕು. ನಿದ್ದೆ ಹಗಲು ರಾತ್ರಿ ತಿರುಗಿದ್ರೆ, ದುಡ್ಡು ಎಣಿಸೋದು ತಪ್ಪಿದ್ರೆ, ಸಹಿ ಕೆಟ್ಟರೆ ಅದು ಮೊದಲ ಸುಳಿವು. ಇನ್ನೊಂದು ಸುಲಭ ಪರೀಕ್ಷೆ ಇದೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತೋ ಹೇಳಿ ಅನ್ನೋದು. ಎಮ್ಮೆ, ಆಕಳು, ಕುರಿ, ಮೇಕೆ ಅಂತ ಶುರು ಮಾಡಿ ಹತ್ತು ಕೂಡ ದಾಟದಿದ್ರೆ ತಡ ಮಾಡದೆ ತೋರಿಸಬೇಕು. ಜ್ವರ, ಕಪ್ಪು ಮೋಷನ್, ರಕ್ತ ವಾಂತಿ, ಎಬ್ಬಿಸಿದ್ರೆ ಏಳದಿರೋದು, ಇವುಗಳಲ್ಲಿ ಯಾವುದಿದ್ರೂ ನೇರ ಎಮರ್ಜೆನ್ಸಿಗೇ.

ಇನ್ನೂ ಒಂದು ಮಾತು, ಅಮೋನಿಯಾ ರಿಪೋರ್ಟ್ ಜಾಸ್ತಿ ಬಂತು ಅಂತ ಮಾತ್ರಕ್ಕೆ, ತಲೆ ನೆಟ್ಟಗಿರೋರಿಗೆ ಈ ಮಾತ್ರೆ ಬೇಡ. ಅದೇ, ಗೊಂದಲದಲ್ಲಿರೋ ಸಿರೋಸಿಸ್ ಪೇಷಂಟ್‌ಗೆ ಅಮೋನಿಯಾ ನಾರ್ಮಲ್ ಬಂದ್ರೆ ಬೇರೆ ಕಾರಣ ಹುಡುಕಬೇಕು, ಬಿದ್ದು ತಲೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಶುಗರ್ ಇಳಿದಿರಬಹುದು.

ಈಗ ಹೊಟ್ಟೆ ಉಬ್ಬರದವರು. ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಇರಬೇಕಾದ್ದಕ್ಕಿಂತ ಜಾಸ್ತಿಯಾದ್ರೆ ನಾವು ತಿಂದ ಅನ್ನ, ಮುದ್ದೆ ಇನ್ನೂ ಜೀರ್ಣ ಆಗೋ ಮುಂಚೆನೇ ಅವು ಹುಳಿಸಿ ಗ್ಯಾಸ್ ಮಾಡ್ತವೆ. ಸಾಮಾನ್ಯವಾಗಿ ಹೀಗಾಗೋದು ಕರುಳು ಮುಂದಕ್ಕೆ ತಳ್ಳೋದು ನಿಧಾನ ಆದಾಗ ಅಥವಾ ಎಲ್ಲಾದ್ರೂ ತಡೆ ಇದ್ದಾಗ: ವರ್ಷಗಟ್ಟಲೆಯ ಶುಗರ್, ಹಳೇ ಹೊಟ್ಟೆ ಆಪರೇಷನ್, ಕರುಳು ಕಿರಿದಾಗಿರೋದು. ಆಸಿಡ್ ತಗ್ಗಿಸೋ ಮಾತ್ರೆನ ಖಾಲಿ ಹೊಟ್ಟೆಗೆ ವರ್ಷಾನುಗಟ್ಟಲೆ ನುಂಗೋದೂ ಒಂದು ಕಾರಣ, ಬ್ಯಾಕ್ಟೀರಿಯಾನ ತಡೆಯೋ ಆಸಿಡ್ಡೇ ಇರಲ್ಲ ನೋಡಿ.

ಇಲ್ಲಿ ಕೆಲಸ ಹೆಚ್ಚಾಗಿರೋ ಬ್ಯಾಕ್ಟೀರಿಯಾನ ಒಂದು ಸಲ ಇಳಿಸೋದು. ಅದಕ್ಕೆ 550 ಮಿ.ಗ್ರಾಂ ದಿನಕ್ಕೆ ಮೂರು ಸಲ ಹದಿನಾಲ್ಕು ದಿನ, ಒಟ್ಟು 42 ಮಾತ್ರೆ. ಈ ಕಾಯಿಲೆಗೆ ಅಂತಲೇ ಅಧಿಕೃತ ಅನುಮತಿ ಪಡೆದ ಬಳಕೆ ಇದಲ್ಲ, ಭೇದಿ ಜಾಸ್ತಿ ಇರೋ ಐಬಿಎಸ್, ಅಂದ್ರೆ ಕರುಳಲ್ಲಿ ಗಾಯ ಏನೂ ಕಾಣದೇನೇ ಹೊಟ್ಟೆ ನೋವು, ಭೇದಿ ಕಾಡೋ ತೊಂದರೆಗೆ ಅಮೆರಿಕಾದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕ ಡೋಸನ್ನೇ ಇಲ್ಲಿಗೂ ತರ್ತಾರೆ. ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ನೂರಕ್ಕೆ ಸುಮಾರು 70 ಜನರಲ್ಲಿ ಉಸಿರಿನ ಟೆಸ್ಟ್ ಸರಿಹೋಗಿದೆ. ಆ ಟೆಸ್ಟಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಆಗಾಗ ಉಸಿರು ಊದಿಸ್ತಾರೆ, ತೊಂಬತ್ತು ನಿಮಿಷದೊಳಗೆ ಹೈಡ್ರೋಜನ್ 20 ಪಿಪಿಎಂ ಏರಿದ್ರೆ ಪಾಸಿಟಿವ್. ನಾಲ್ಕು ವಾರದೊಳಗೆ ಆಂಟಿಬಯಾಟಿಕ್ ತಗೊಂಡಿದ್ರೆ ಈ ಟೆಸ್ಟ್ ನಂಬೋಕಾಗಲ್ಲ. ಮಲಬದ್ಧತೆ ಇದ್ದು ಮೀಥೇನ್ ಜಾಸ್ತಿ ಬಂದವರಿಗೆ ರಿಫಾಕ್ಸಿಮಿನ್ ಒಂದೇ ಅಷ್ಟಾಗಿ ಕೆಲಸ ಮಾಡಲ್ಲ. ಟೆಸ್ಟ್ ಎಲ್ಲ ಊರಲ್ಲೂ ಸಿಗಲ್ಲ, ಹಾಗಾಗಿ ಲಕ್ಷಣ, ಕಾರಣ ಎರಡೂ ಹೊಂದೋ ಹಾಗಿದ್ರೆ ಡಾಕ್ಟರು ಟೆಸ್ಟ್ ಇಲ್ಲದೇನೂ ಒಂದು ಕೋರ್ಸ್ ಕೊಡ್ತಾರೆ, ಅದು ಸರಿನೇ. ಆದ್ರೆ ಒಂದೇ ಕೋರ್ಸ್.

ಯಾಕೆ ಒಂದೇ ಅಂದ್ರೆ, ಹದಿನಾಲ್ಕು ದಿನ ತಗೊಂಡು ನಿಲ್ಲಿಸಿ ಎರಡರಿಂದ ನಾಲ್ಕು ವಾರ ನೋಡಬೇಕು. ಚೂರೂ ಬದಲಾವಣೆ ಇಲ್ಲ ಅಂದ್ರೆ ಅದೇ ಮಾತ್ರೆ ಮತ್ತೆ ಕೊಡೋದಲ್ಲ, ಕಾಯಿಲೆ ಅದೇನಾ ಅಂತ ಮತ್ತೆ ಯೋಚಿಸಬೇಕು. ಚಿತ್ರದುರ್ಗದ ಒಬ್ಬ ಶುಗರ್ ಪೇಷಂಟ್, ನಲವತ್ತೇಳರ ಹೆಣ್ಣುಮಗಳು, ಮೊದಲ ಕೋರ್ಸಲ್ಲಿ ಒಂದು ವಾರ ಆರಾಮಾಗಿದ್ದಕ್ಕೆ ಅಂಗಡಿಯಿಂದ ತಾವೇ ತರಿಸಿಕೊಂಡು ನಾಲ್ಕು ತಿಂಗಳು ತಗೊಂಡಿದ್ರು. ಆ ನಾಲ್ಕು ತಿಂಗಳಲ್ಲಿ ಏಳು ಕೆಜಿ ಇಳಿದಿದ್ರು, ಸಂಜೆ ಹೊತ್ತು ಸಣ್ಣ ಜ್ವರ, ಬಲಗಡೆ ಕೆಳಹೊಟ್ಟೆ ನೋವು. ಕೊಲೊನೋಸ್ಕೋಪಿ ಮಾಡಿ ಚೂರು ತೆಗೆದು ನೋಡಿದ್ರೆ ಕರುಳಿನ ಟಿಬಿ, ಅದರಿಂದ ಕರುಳು ಕಿರಿದಾಗಿ ಹಿಂದೆ ಬ್ಯಾಕ್ಟೀರಿಯಾ ತುಂಬಿಕೊಂಡಿತ್ತು. ರಿಫಾಕ್ಸಿಮಿನ್ ಟಿಬಿ ಮನೆತನದ್ದೇ ಮಾತ್ರೆ ಆದ್ರೂ ರಕ್ತಕ್ಕೆ ಸೇರದೇ ಇರೋದ್ರಿಂದ ಟಿಬಿ ವಾಸಿ ಮಾಡಲ್ಲ, ಗ್ಯಾಸ್ ಸ್ವಲ್ಪ ತಗ್ಗಿಸಿ ಅಸಲಿ ಕಾಯಿಲೆನ ಮುಚ್ಚಿಡುತ್ತೆ ಅಷ್ಟೇ. ತೂಕ ಇಳಿತ, ಜ್ವರ, ರಕ್ತ ಕಡಿಮೆಯಾಗಿರೋದು, ಮೋಷನ್‌ನಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ ಇದ್ರೆ ರಿಫಾಕ್ಸಿಮಿನ್ ಬರೆಯೋ ಮುಂಚೆನೇ ಪರೀಕ್ಷೆ ಆಗ್ಬೇಕು.

ಸುಮ್ಮನೆ ಎಳೆಯೋದರಲ್ಲಿ ಇನ್ನೊಂದು ಅಪಾಯಾನೂ ಇದೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ರಿಫಾಕ್ಸಿಮಿನ್ ಬಳಕೆಯಿಂದ ಕರುಳಿನ ಎಂಟರೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಡಾಪ್ಟೋಮೈಸಿನ್‌ಗೂ ಬಗ್ಗದ ಹಾಗೆ ಆಗಬಹುದು, ಡಾಪ್ಟೋಮೈಸಿನ್ ಅಂದ್ರೆ ಬೇರೆಯವೆಲ್ಲ ಕೈಕೊಟ್ಟಾಗ ಕೊನೆಗೆ ಉಳಿಯೋ ಇಂಜೆಕ್ಷನ್. ಸಿರೋಸಿಸ್‌ನವರಲ್ಲಿ ಮಂಪರಿನಿಂದ ಜೀವಕ್ಕೇ ಅಪಾಯ ಇರೋದ್ರಿಂದ ಆ ರಿಸ್ಕ್ ತಗೋಬಹುದು. ಹೊಟ್ಟೆ ಉಬ್ಬರಕ್ಕೆ ತಿಂಗಳುಗಟ್ಟಲೆ ಆ ರಿಸ್ಕ್ ತಗೊಳ್ಳೋದಕ್ಕೆ ನನ್ನ ಒಪ್ಪಿಗೆ ಇಲ್ಲ.

ಆರಾಮಾಗಿ ಮತ್ತೆ ವಾಪಸ್ ಬಂದ್ರೆ? ಅದು ಆಗೋದೇ. ಒಂದು ಅಧ್ಯಯನದಲ್ಲಿ ವಾಸಿಯಾದವರಲ್ಲಿ ನೂರಕ್ಕೆ ಸುಮಾರು 13 ಜನಕ್ಕೆ ಮೂರು ತಿಂಗಳಲ್ಲಿ, 44 ಜನಕ್ಕೆ ಒಂಬತ್ತು ತಿಂಗಳಲ್ಲಿ ಮರುಕಳಿಸಿತ್ತು. ಮೊದಲ ಸಲ ನಿಜವಾಗಿ ಗುಣ ಕಂಡು ಆಮೇಲೆ ವಾಪಸ್ ಬಂದಿದ್ರೆ ಇನ್ನೊಂದು ಹದಿನಾಲ್ಕು ದಿನ ಕೊಡಬಹುದು. ಜೊತೆಗೆ ಶುಗರ್ ಹಿಡಿತಕ್ಕೆ ತರಬೇಕು, ಬೇಡದ ಆಸಿಡ್ ಮಾತ್ರೆ ನಿಲ್ಲಿಸಬೇಕು, ಬಿ12 ನೋಡಿಸಬೇಕು, ಕಾರಣ ಹಾಗೇ ಇದ್ರೆ ಎರಡನೇ ಕೋರ್ಸೂ ಅಷ್ಟೇ ದಿನ ಬಾಳಿಕೆ ಬರೋದು.

ಎರಡೂ ಕಡೆಗೆ ಸೇರೋ ಒಂದು ಗೊಂದಲ ಉಳೀತು. ಲ್ಯಾಕ್ಟುಲೋಸ್ ಕುಡಿಯೋ ಸಿರೋಸಿಸ್ ಪೇಷಂಟ್‌ಗೆ ಹೊಟ್ಟೆ ಉಬ್ಬರ ಬರೋದು ಬಹಳ ಸಾಮಾನ್ಯ, ಆ ಸಿರಪ್ಪೇ ಗ್ಯಾಸ್ ಮಾಡುತ್ತೆ. ಅದನ್ನ ಬ್ಯಾಕ್ಟೀರಿಯಾ ಹೆಚ್ಚಾಗಿದೆ ಅಂತ ಓದಿಕೊಂಡು ಈಗಾಗಲೇ ದಿನಕ್ಕೆ ಎರಡು ತಗೋತಿರೋರಿಗೆ ಮೂರು ಮಾಡಿ, ಹದಿನಾಲ್ಕು ದಿನ ಆದ ಮೇಲೆ ಪೂರ್ತಿ ನಿಲ್ಲಿಸಿದ ಚೀಟಿಗಳನ್ನ ನೋಡಿದ್ದೀನಿ. ಅಲ್ಲಿ ಮಾಡಬೇಕಾದ್ದು ಲ್ಯಾಕ್ಟುಲೋಸನ್ನ ಮೋಷನ್ ಲೆಕ್ಕಕ್ಕೆ ಸರಿಯಾಗಿ ತಗ್ಗಿಸೋದು, ಹೊಟ್ಟೆ ನೀರು ಏರಿದೆಯಾ ಅಂತ ನೋಡೋದು, ರಿಫಾಕ್ಸಿಮಿನ್ ಬೆಳಿಗ್ಗೆ ಒಂದು ರಾತ್ರಿ ಒಂದು ಹಾಗೇ ಮುಂದುವರಿಸೋದು.